ಏಳರ ಮಗ್ಗಿ ಹಾಡಿಗೆ ಎರಡು ಸಾಲು

"ಮಗಳು ಏಳರ ಮಗ್ಗಿಯನ್ನು ಹಾಡಿನ ಹಾಗೆ ಗಡಗಡ ಹೇಳ್ತಾಳೆ. ನಡುವೆ 'ಏಳೆಂಟ್ಲ ಎಷ್ಟು' ಅಂದ್ರೆ ಮತ್ತೆ ಏಳೊಂದ್ಲ ಏಳರಿಂದ ಶುರು. ಏನು ಮಾಡಲಿ?"

ರಾಗದಲ್ಲಿ ಒಂದು ಸಾಲು ಇನ್ನೊಂದನ್ನು ಎಳೆದು ತರುತ್ತದೆ, ಅದಕ್ಕೇ ಹೀಗಾಗುತ್ತದೆ. ಮಗಳು ತಡವರಿಸುವ ಸಾಲಿಗೆ ಮಾತ್ರ ಅದರದ್ದೇ ಪ್ರಾಸ ಕೊಡಿ. ಪ್ರಾಸದ ಪದ ಉತ್ತರಕ್ಕಿಂತ ಮೊದಲೇ ಬರಬೇಕು. ಆಗ ಅದೇ ಸುಳಿವಾಗುತ್ತದೆ. ನಾನು ಕಟ್ಟಿದ್ದು ಹೀಗೆ:

ಐದು ಜನ ಬಂದರು, ಯಾರು ಯಾರು?
ಏಳೆಂಟ್ಲ ಐವತ್ತಾರು!

ನಾಲ್ಕು ಚಾಪೆ ತಂದು ಹರಡು,
ಏಳಾರ್ಲ ನಲವತ್ತೆರಡು!

ಮೊದಲು ನಾನು ಸುಮ್ನೆ "ಬಂದರು ಯಾರು ಯಾರು" ಅಂತಷ್ಟೇ ಬರೆದಿದ್ದೆ. ನನ್ನ ಮಗ "ಅರವತ್ತಾರು" ಅಂದುಬಿಟ್ಟ! ಕೊನೆಯ ಪ್ರಾಸ ಬಿಡಿಯ ಅಂಕಿಯನ್ನಷ್ಟೇ ಹಿಡಿಯುತ್ತದೆ. ಹತ್ತರ ಸ್ಥಾನಕ್ಕೆ ಸಾಲಿನ ಶುರುವಿನಲ್ಲೇ "ಐದು" ಇಟ್ಟ ಮೇಲೆ ಸರಿಹೋಯಿತು.

ದಿನಕ್ಕೆ ಎರಡೇ ಸಾಲು ಸಾಕು. ಮೊದಲ ಸಾಲು ನೀವು ಹೇಳಿ, ಎರಡನೆಯದು ಅವಳು ಚಪ್ಪಾಳೆ ತಟ್ಟಿ ಹೇಳಲಿ. ಮಗ್ಗಿಯ ಕ್ರಮ ಬೇಕಂತಲೇ ಕೆಡಿಸಿ. ನಾಲ್ಕೈದು ದಿನ ಬಿಟ್ಟು ಪದ್ಯ ಹೇಳದೆ "ಏಳೆಂಟ್ಲ?" ಅಂತ ಮಾತ್ರ ಕೇಳಿ, ಅವಳ ತುಟಿ ನೋಡಿ. ಒಳಗೊಳಗೇ ಏಳೊಂದ್ಲದಿಂದ ಗುನುಗುತ್ತಿದ್ದರೆ ಆ ಸಾಲು ಇನ್ನೂ ಬಿಡಿಯಾಗಿ ಕೂತಿಲ್ಲ. ಹೊಸ ಸಾಲು ಸೇರಿಸಬೇಡಿ, ಅದನ್ನೇ ಆಡಿಸಿ.