ಒಂದು ಮರುವಾಯಿಗೆ ಎರಡು ಚಿಪ್ಪು

ಪ್ರಶ್ನೆ: ಗ್ರಾಂ ಕೊಟ್ಟರೆ ಮೋಲ್ ಹೇಳುತ್ತೇನೆ. ಲೆಕ್ಕ ಎರಡು ಮೂರು ಹಂತಕ್ಕೆ ಹೋದ ಕೂಡಲೇ ತಪ್ಪುತ್ತೇನೆ. ಇನ್ನಷ್ಟು ಸುಲಭದ ಲೆಕ್ಕ ಮಾಡಲೇ, ನೇರವಾಗಿ ಕಷ್ಟದ್ದಕ್ಕೆ ಹೋಗಲೇ?

ಹತ್ತು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್, 3.65 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲ. ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಮಂಗಳೂರಿನಲ್ಲಿ ಪ್ರಥಮ ಪಿಯುಸಿ ಓದುವಾಗ ಈ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು ಸೊನ್ನೆ.

CaCO₃ + 2HCl → CaCl₂ + H₂O + CO₂

ಹತ್ತನ್ನು ನೂರರಿಂದ ಭಾಗಿಸಿದೆ, 0.1 ಮೋಲ್. 3.65ನ್ನು 36.5ರಿಂದ ಭಾಗಿಸಿದೆ, ಅದೂ 0.1 ಮೋಲ್. ಎರಡೂ ಸರಿಸಮ ಎಂದು ಖುಷಿಯಾಗಿ, ಏನೂ ಉಳಿಯುವುದಿಲ್ಲವೆಂದು 4.4 ಗ್ರಾಂ ಬರೆದೆ. ಭಾಗಾಕಾರದಲ್ಲಿ ತಪ್ಪಿರಲಿಲ್ಲ. HCl ಮುಂದಿನ 2 ನನ್ನ ಕಣ್ಣಿಗೆ ಬಿದ್ದಿತ್ತು, ಸಮೀಕರಣವನ್ನು ಸರಿದೂಗಿಸಿದವನೂ ನಾನೇ. ಆದರೆ ಸರಿದೂಗಿಸಿದ ಮೇಲೆ ಅದರ ಕೆಲಸ ಮುಗಿಯಿತೆಂದುಕೊಂಡಿದ್ದೆ. ಒಂದು ಹಂತದ ನೂರಾರು ಲೆಕ್ಕಗಳಲ್ಲಿ ಆ 2 ಒಮ್ಮೆಯೂ ಬೇಕಾಗಿರಲಿಲ್ಲವಲ್ಲ!

ಅಂದು ಸಂಜೆ ಅಮ್ಮ ಸುಕ್ಕಕ್ಕೆಂದು ಮರುವಾಯಿ ಎಂಬ ಕಪ್ಪೆಚಿಪ್ಪನ್ನು ಬಿಡಿಸುತ್ತಿದ್ದರು. ಅಕ್ಕ ನನ್ನ ಉತ್ತರಪತ್ರಿಕೆ ನೋಡಿ, "ನೂರು ಮಾಂಸ, ನೂರು ಚಿಪ್ಪು ಕೊಟ್ಟರೆ ಎಷ್ಟು ಇಡೀ ಮರುವಾಯಿ ಜೋಡಿಸುತ್ತೀ ಮಾರಾಯ?" ಎಂದಳು. ಐವತ್ತು. ಒಂದಕ್ಕೆ ಎರಡು ಚಿಪ್ಪು ಬೇಕು. ಐವತ್ತು ಮಾಂಸ ಹಾಗೆಯೇ ಉಳಿಯುತ್ತದೆ. ಎರಡು ರಾಶಿಯೂ ನೂರು ಎಂಬುದರಿಂದ ಏನೂ ತಿಳಿಯುವುದಿಲ್ಲ.

ಅದೇ ರೀತಿ 0.1 ಮೋಲ್ ಆಮ್ಲ 0.05 ಮೋಲ್ ಕಾರ್ಬೊನೇಟನ್ನು ಮಾತ್ರ ಕರಗಿಸುತ್ತದೆ. ಬರುವ ಅನಿಲ 0.05 ಮೋಲ್, ಅಂದರೆ 2.2 ಗ್ರಾಂ. ಐದು ಗ್ರಾಂ ಕಾರ್ಬೊನೇಟ್ ತಳದಲ್ಲಿ ಉಳಿಯುತ್ತದೆ.

ಆದ್ದರಿಂದ ನಿಮ್ಮ ಎರಡು ದಾರಿಗಳಲ್ಲಿ ಯಾವುದನ್ನೂ ನಾನು ಒಪ್ಪುವುದಿಲ್ಲ. ನಿಮ್ಮ ಏಣಿಯಲ್ಲಿ ನಡುವಿನ ಮೆಟ್ಟಿಲೇ ಇಲ್ಲ: ಗ್ರಾಂ ಸುಳಿಯದ, ಮೋಲ್‌ನಿಂದ ಮೋಲ್‌ಗೆ ಹೋಗುವ ಲೆಕ್ಕ. 0.3 ಮೋಲ್ ಆಮ್ಲಕ್ಕೆ ಎಷ್ಟು ಮೋಲ್ ಕಾರ್ಬೊನೇಟ್ ಬೇಕು? 0.15. ಒಂದು ವಾರ ಇಂಥವನ್ನೇ ಮಾಡಿ, ಕ್ಯಾಲ್ಕ್ಯುಲೇಟರ್ ಮುಟ್ಟಬೇಡಿ. ಅದು ಸಲೀಸಾದ ಮೇಲೆ ಲೆಕ್ಕದ ಆರಂಭದಲ್ಲಿ ಗ್ರಾಂ ಸೇರಿಸಿ, ಬಳಿಕ ಅದರ ಕೊನೆಯಲ್ಲೂ ಗ್ರಾಂ ಸೇರಿಸಿ. ಎರಡೂ ವಸ್ತುಗಳ ತೂಕ ಕೊಡುವ ಲೆಕ್ಕ ಎಲ್ಲಕ್ಕಿಂತ ಕೊನೆಗೆ. ಅಲ್ಲಿ ಪ್ರತಿಯೊಂದರ ಮೋಲನ್ನು ಅದರ ಗುಣಾಂಕದಿಂದ ಭಾಗಿಸಿ: ನನ್ನ ಲೆಕ್ಕದಲ್ಲಿ ಕಾರ್ಬೊನೇಟಿಗೆ 0.1, ಆಮ್ಲಕ್ಕೆ 0.05. ಚಿಕ್ಕದು ಯಾವುದೋ ಅದೇ ಮೊದಲು ಮುಗಿಯುವ ವಸ್ತು.

ತಪ್ಪಿದ್ದೀರೋ ಎಂದು ತಿಳಿಯಲು ತೂಕ ಕೂಡಿಸಿ ನೋಡಿ. ಹಾಕಿದ್ದು 13.65 ಗ್ರಾಂ. ನನ್ನ ಉತ್ತರದಂತೆ 4.4 ಗ್ರಾಂ ಅನಿಲ, 11.1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, 1.8 ಗ್ರಾಂ ನೀರು ಸೇರಿ 17.3 ಗ್ರಾಂ ಬರಬೇಕಿತ್ತು. ಮೂರೂವರೆ ಗ್ರಾಂಗಿಂತ ಹೆಚ್ಚು ವಸ್ತುವನ್ನು ಗಾಳಿಯಿಂದ ಸೃಷ್ಟಿಸಿದ್ದೆ. ಸರಿಯಾದ ಉತ್ತರದಲ್ಲಿ 2.2, 5.55, 0.9 ಮತ್ತು ಉಳಿದ 5 ಸೇರಿ ಅದೇ 13.65 ಬರುತ್ತದೆ.