ಎರಡು ಉತ್ತರ ಸರಿ ಕಂಡರೆ ಯಾವುದನ್ನು ಬಿಡಬೇಕು?

ಟೀಚರ್, ಗದ್ಯಭಾಗ ಓದಿದಾಗ ಎಲ್ಲ ಅರ್ಥವಾಗುತ್ತದೆ. ಆದರೆ ‘ಇದರಿಂದ ಏನನ್ನು ಊಹಿಸಬಹುದು’ ಎಂದು ಕೇಳಿದರೆ ಎರಡು ಉತ್ತರ ಸರಿ ಕಾಣುತ್ತವೆ. ಊಹೆ ಅಂದ ಮೇಲೆ ಯಾವುದೂ ಸರಿಯಾಗಬಹುದಲ್ಲ? – ಕೆ-ಟೆಟ್ ಅಭ್ಯರ್ಥಿ, ಬದಿಯಡ್ಕ

ಖಂಡಿತ ಇಲ್ಲ. ಈ ತಪ್ಪು ತಿಳಿವಳಿಕೆಯ ಪತ್ರಗಳು ನಿಲ್ಲುವ ಹಾಗೆ ಕಾಣದ್ದರಿಂದ ಈ ಸಲ ಒಂದು ಗದ್ಯಭಾಗವನ್ನೇ ಬಿಡಿಸಿ ತೋರಿಸುತ್ತೇನೆ. ನಮ್ಮೂರಿನ ವಿಷಯವನ್ನೇ ಬೇಕೆಂದು ಆರಿಸಿದ್ದೇನೆ.

“ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಪಂಪಿಲ್ಲದೆ ಹರಿದು ಬರುತ್ತದೆ. ಕೊಳವೆಬಾವಿಗಳು ಹೆಚ್ಚಿದ ಮೇಲೆ ಹೊಸ ಸುರಂಗ ಕೊರೆಸುವವರು ಕಡಿಮೆಯಾದರು. ಕೊರೆಯುವ ಕಸುಬು ಬಲ್ಲವರು ಈಗ ಕೆಲವರಷ್ಟೇ. ಆದರೂ ಹಳೆಯ ಸುರಂಗವಿರುವ ಹಲವು ಮನೆಗಳಲ್ಲಿ ಬೇಸಗೆಯಲ್ಲಿ ಕುಡಿಯಲು ಅದರ ನೀರನ್ನೇ ಬಳಸುತ್ತಾರೆ.”

ಆಯ್ಕೆಗಳು ಇವು: (ಅ) ಕೊಳವೆಬಾವಿಗಳಿಂದಾಗಿ ಸುರಂಗಗಳು ಬತ್ತುತ್ತಿವೆ. (ಆ) ಸುರಂಗದ ನೀರಿಗೆ ಪಂಪ್ ಬೇಕಿಲ್ಲ. (ಇ) ಕೆಲವು ಸುರಂಗಗಳಲ್ಲಾದರೂ ಬೇಸಗೆಯಲ್ಲಿ ನೀರಿರುತ್ತದೆ. (ಈ) ಮುಂದಿನ ತಲೆಮಾರಿಗೆ ಸುರಂಗಗಳೇ ಉಳಿಯುವುದಿಲ್ಲ.

ತರಗತಿಯಲ್ಲಿ ಇಂಥದ್ದನ್ನು ಕೊಟ್ಟಾಗ ನಮ್ಮ ಮಕ್ಕಳು ಥಟ್ಟನೆ (ಅ) ಎನ್ನುತ್ತಾರೆ. ಪಕ್ಕದ ತೋಟದಲ್ಲಿ ಬೋರ್ ತೆಗೆಸಿದ ಮೇಲೆ ತಮ್ಮ ಸುರಂಗದ ನೀರು ಇಳಿದದ್ದನ್ನು ಮನೆಯಲ್ಲಿ ಕೇಳಿರುತ್ತಾರೆ. ಅದು ನಿಜವೇ ಇರಬಹುದು. ಆದರೆ ಗದ್ಯದಲ್ಲಿ ಅದಿಲ್ಲ. ಕೊಳವೆಬಾವಿ ಬಂದ ಮೇಲೆ ಕೊರೆಸುವವರು ಕಡಿಮೆಯಾದರು ಎಂದಿದೆಯೇ ಹೊರತು ನೀರು ಕಡಿಮೆಯಾಯಿತು ಎಂದಿಲ್ಲ. ಪರಿಚಿತ ವಿಷಯದ ಗದ್ಯ ಬಂದಾಗ ಹೆಚ್ಚು ಜಾಗ್ರತೆ ಬೇಕು, ಏಕೆಂದರೆ ಓದಿದ್ದು ಎಲ್ಲಿ ಮುಗಿಯಿತು, ಮೊದಲೇ ಗೊತ್ತಿದ್ದದ್ದು ಎಲ್ಲಿ ಸೇರಿತು ಎಂಬುದು ನಮಗೇ ತಿಳಿಯುವುದಿಲ್ಲ.

ಮೊದಲು ಪ್ರತಿ ಆಯ್ಕೆಗೂ ಗದ್ಯದಲ್ಲಿ ಬೆರಳಿಟ್ಟು ತೋರಿಸುವಂಥ ಸಾಲು ಇದೆಯೇ ನೋಡಿ. (ಆ)ಗೆ ಇದೆ, ಮೊದಲ ವಾಕ್ಯವೇ ಅದು. ಅಂದರೆ ಅದು ಹೇಳಿದ ಮಾತು, ಊಹಿಸಬೇಕಾದದ್ದಲ್ಲ. ‘ಗದ್ಯದ ಪ್ರಕಾರ ಯಾವುದು ಸರಿ’ ಎಂದು ಕೇಳಿದ್ದರೆ ಅದೇ ಉತ್ತರವಾಗುತ್ತಿತ್ತು. ಆದ್ದರಿಂದ ಆಯ್ಕೆಗಳಿಗಿಂತ ಮೊದಲು ಪ್ರಶ್ನೆಯ ಕೊನೆಯ ಪದ ಓದಿ.

ಉಳಿದ ಮೂರನ್ನು ಒಂದೊಂದಾಗಿ ಸುಳ್ಳೆಂದು ಇಟ್ಟುಕೊಳ್ಳಿ. (ಅ) ಸುಳ್ಳು, ಒಂದು ಸುರಂಗವೂ ಬತ್ತುತ್ತಿಲ್ಲ ಎಂದುಕೊಳ್ಳಿ. ಗದ್ಯದ ನಾಲ್ಕು ವಾಕ್ಯಗಳಿಗೂ ಏನೂ ಆಗುವುದಿಲ್ಲ. (ಈ) ಸುಳ್ಳಾದರೂ ಅಷ್ಟೇ: ಹೊಸದು ಕೊರೆಸದಿದ್ದ ಮಾತ್ರಕ್ಕೆ ಇರುವುದು ಹೋಗಬೇಕೆಂದಿಲ್ಲ. ಈಗ (ಇ)ಯನ್ನು ಸುಳ್ಳು ಮಾಡಿ: ಬೇಸಗೆಯಲ್ಲಿ ಯಾವ ಸುರಂಗದಲ್ಲೂ ನೀರಿಲ್ಲ. ಆಗ ಕೊನೆಯ ವಾಕ್ಯ ನಿಲ್ಲುವುದೇ ಇಲ್ಲ. ಇಲ್ಲದ ನೀರನ್ನು ಕುಡಿಯುವುದು ಹೇಗೆ? ಆದ್ದರಿಂದ ಉತ್ತರ (ಇ). ಗದ್ಯ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಆದರೆ ಅದಿಲ್ಲದೆ ಗದ್ಯ ನಿಜವಾಗಲಾರದು.

(ಇ)ಯಲ್ಲಿರುವ ‘ಕೆಲವು’, ‘ಆದರೂ’ ಎಂಬ ಪದಗಳನ್ನೂ ಗಮನಿಸಿ. ಅದೇ ಆಯ್ಕೆ ‘ಎಲ್ಲ ಸುರಂಗಗಳಲ್ಲೂ’ ಎಂದಿದ್ದರೆ ತಪ್ಪಾಗುತ್ತಿತ್ತು. ಪರೀಕ್ಷೆಯಲ್ಲಿ ಸಪ್ಪೆಯಾಗಿ ಕಾಣುವ, ಕಡಿಮೆ ಹೇಳುವ ಆಯ್ಕೆಯನ್ನು ಮಕ್ಕಳು ಬಿಟ್ಟುಬಿಡುತ್ತಾರೆ, ನನಗೆ ಬೇಸರವಾಗುವುದು ಅಲ್ಲೇ. ಹಾಗಂತ ‘ಕೆಲವು’ ಕಂಡ ಕೂಡಲೇ ಗುರುತು ಹಾಕಬೇಡಿ, ಸುಳ್ಳು ಮಾಡಿ ನೋಡಿಯೇ ಹಾಕಿ. ‘ಲೇಖಕರ ಅಭಿಪ್ರಾಯ ಏನಿರಬಹುದು’ ಎಂಬಂಥ ಪ್ರಶ್ನೆಗಳಿಗೆ ಮಾತ್ರ ಈ ಪರೀಕ್ಷೆ ಪೂರ್ತಿ ಸಾಲದು. ಅಲ್ಲಿ ಯಾವ ಆಯ್ಕೆಗೆ ಗದ್ಯದಲ್ಲಿ ಹೆಚ್ಚು ಆಧಾರವಿದೆ ಎಂದು ತೂಗಬೇಕಾಗುತ್ತದೆ.

ಮುಖ್ಯ ಆಶಯ ಕೇಳಿದರೆ ಮೊದಲ ಮತ್ತು ಕೊನೆಯ ವಾಕ್ಯ ಓದಿದರೆ ಸಾಕು ಎಂದು ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರೆ. ಸರಿಯೇ? – ಮಂಜೇಶ್ವರ

ದುಡ್ಡು ತೆಗೆದುಕೊಂಡು ಹೀಗೆ ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಮೇಲಿನ ಗದ್ಯದ ಮೊದಲ ಮತ್ತು ಕೊನೆಯ ವಾಕ್ಯ ಮಾತ್ರ ಓದಿದವರಿಗೆ ಕೊಳವೆಬಾವಿಯ ಸುದ್ದಿಯೇ ಸಿಗದು. ‘ಕೊರೆಯುವ ಕಸುಬು ಕ್ಷೀಣಿಸುತ್ತಿದೆ’ ಎಂಬ ಆಯ್ಕೆಗೂ ಮರುಳಾಗಬೇಡಿ. ಅದಕ್ಕೆ ಆಧಾರವಿದೆ, ಆದರೆ ಒಂದೇ ವಾಕ್ಯದ್ದು. ‘ಆದರೂ’ ಎಂಬಲ್ಲಿ ಮಾತು ತಿರುಗುತ್ತದೆ. ಅದರ ಎರಡೂ ಬದಿಯನ್ನು ಹಿಡಿಯುವ ಆಯ್ಕೆಯೇ ಮುಖ್ಯ ಆಶಯ: ಹೊಸ ಸುರಂಗಗಳು ಕಡಿಮೆಯಾದರೂ ಹಳೆಯವು ಬಳಕೆಯಲ್ಲಿವೆ.

ಅತಿ ಉದ್ದದ ಆಯ್ಕೆಯೇ ಸರಿಯುತ್ತರ ಅಂತಾರಲ್ಲ? – ಪೆರ್ಲ

ಸುಳ್ಳು.

ಗೊತ್ತಾಗದಿದ್ದರೆ ಒಂದು ಗುರುತು ಹಾಕಿ ಬರಲೇ? – ಮುಳ್ಳೇರಿಯ

ಕೆ-ಟೆಟ್‌ನಲ್ಲಿ ಹಾಕಿ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಕೇರಳ ಪಿಎಸ್‌ಸಿಯಲ್ಲಿ ಒಂದು ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. ಅಲ್ಲಿ ಎರಡು ಆಯ್ಕೆಯನ್ನಾದರೂ ಕಾರಣ ಸಮೇತ ಹೊಡೆದುಹಾಕಿದ್ದರೆ ಮಾತ್ರ ಹಾಕಿ.