150 ಎಎಚ್ ಬ್ಯಾಟರಿಯ ಲೇಬಲ್‌ನಲ್ಲಿ ನಿಜವಾಗಿ ಓದಬೇಕಾದದ್ದು ಯಾವ ಸಾಲು?

ಪ್ರಶ್ನೆ: ನಮ್ಮದು ಮಂಡ್ಯ. ಮನೆಯಲ್ಲಿ 900 ವಿಎ ಇನ್ವರ್ಟರ್ ಇದೆ, ಹಳೆಯ ಬ್ಯಾಟರಿ ಹೋಗಿದೆ. ಅಂಗಡಿಯವರು ಹೊಸ ಬ್ಯಾಟರಿಯ ಲೇಬಲ್ ಫೋಟೊ ಕಳುಹಿಸಿದ್ದಾರೆ. ಅದರಲ್ಲಿ 12 ವೋಲ್ಟ್, 150 ಎಎಚ್, ಸಿ20, 27 ಡಿಗ್ರಿ, 1.75 ವಿಪಿಸಿ, 36+24 ಎಂದೆಲ್ಲ ಇದೆ. ಮೂರು ಫ್ಯಾನು, ಆರು ಎಲ್‌ಇಡಿ ಬಲ್ಬು, ಒಂದು ಟಿವಿ, ವೈಫೈ ಇಷ್ಟು ನಾಲ್ಕು ಗಂಟೆ ನಡೆಯಬೇಕು. ಇದು ಸಾಕಾಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:

ಈ ಬ್ಯಾಟರಿ ನಿಮ್ಮ ಇನ್ವರ್ಟರಿಗೆ ಹೊಂದುತ್ತದೆ, ಆದರೆ ನೀವು ಹೇಳಿದ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ನಾಲ್ಕು ಗಂಟೆ ಬರುವುದಿಲ್ಲ. ಹೊಸದಾಗಿದ್ದಾಗಲೂ ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕೆ ಕಾರಣ ಲೇಬಲ್‌ನಲ್ಲಿ 150 ಎಂಬ ದೊಡ್ಡ ಅಂಕಿಯ ಪಕ್ಕ ಚಿಕ್ಕದಾಗಿ ಮುದ್ರಿಸಿರುವ ಸಿ20 ಎಂಬ ಗುರುತಿನಲ್ಲಿದೆ.

ಎಎಚ್ ಎಂದರೆ ಆಂಪಿಯರ್-ಅವರ್, ಅಂದರೆ ಬ್ಯಾಟರಿ ಎಷ್ಟು ಆಂಪಿಯರ್ ಕರೆಂಟನ್ನು ಎಷ್ಟು ಹೊತ್ತು ಕೊಡಬಲ್ಲದು ಎಂಬುದರ ಗುಣಲಬ್ಧ. 150 ಎಎಚ್ ಎಂದು ಓದಿದ ತಕ್ಷಣ ನಾವು 150 ಆಂಪಿಯರನ್ನು ಒಂದು ಗಂಟೆ, ಇಲ್ಲವೇ 37 ಆಂಪಿಯರನ್ನು ನಾಲ್ಕು ಗಂಟೆ ಕೊಡುತ್ತದೆ ಎಂದು ಲೆಕ್ಕ ಹಾಕಿಬಿಡುತ್ತೇವೆ. ಸೀಸ-ಆಮ್ಲದ ಬ್ಯಾಟರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕರೆಂಟನ್ನು ನಿಧಾನವಾಗಿ ಎಳೆದರೆ ಪ್ಲೇಟಿನ ಒಳಭಾಗದವರೆಗೂ ಆಮ್ಲ ಇಳಿದು ಕೆಲಸ ಮಾಡಲು ಸಮಯ ಸಿಗುತ್ತದೆ. ಜೋರಾಗಿ ಎಳೆದರೆ ಪ್ಲೇಟಿನ ಹೊರಮೈಯ ಬಳಿ ಇರುವ ಆಮ್ಲ ಬೇಗ ತೆಳುವಾಗಿ, ಒಳಗೆ ಇನ್ನೂ ಶಕ್ತಿ ಉಳಿದಿದ್ದರೂ ವೋಲ್ಟೇಜ್ ಕುಸಿಯುತ್ತದೆ ಮತ್ತು ಇನ್ವರ್ಟರ್ ತನ್ನಷ್ಟಕ್ಕೆ ಆಫ್ ಆಗುತ್ತದೆ. ಆದ್ದರಿಂದ ಯಾವ ವೇಗದಲ್ಲಿ ಎಳೆದು ಅಳೆದಿದ್ದಾರೆ ಎಂಬುದನ್ನು ಹೇಳದೆ ಎಎಚ್ ಅಂಕಿಗೆ ಅರ್ಥವೇ ಇರುವುದಿಲ್ಲ, ಆ ವೇಗವನ್ನು ತಿಳಿಸುವುದೇ ಈ ಸಿ ಗುರುತು.

ಸಿ20 ಎಂದರೆ 20 ಗಂಟೆಗಳಲ್ಲಿ ಖಾಲಿಯಾಗುವ ಹಾಗೆ ಎಳೆದು ಅಳೆದ ಸಾಮರ್ಥ್ಯ. 150ನ್ನು 20ರಿಂದ ಭಾಗಿಸಿದರೆ 7.5 ಆಂಪಿಯರ್ ಬರುತ್ತದೆ. ಒಂದು ಫ್ಯಾನು ಮಾತ್ರ ನಡೆಸಿದಾಗ ಆಗುವಷ್ಟು ಕರೆಂಟು ಅದು. ಫೋಟೊದಲ್ಲಿ ಕಾಣುವ 1.75 ವಿಪಿಸಿ ಕೂಡ ಇದೇ ಪರೀಕ್ಷೆಯ ಭಾಗ. ಬ್ಯಾಟರಿಯೊಳಗೆ ಆರು ಸೆಲ್‌ಗಳಿರುತ್ತವೆ, ಪ್ರತಿ ಸೆಲ್ 1.75 ವೋಲ್ಟಿಗೆ, ಅಂದರೆ ಇಡೀ ಬ್ಯಾಟರಿ 10.5 ವೋಲ್ಟಿಗೆ ಇಳಿದಾಗ ಪರೀಕ್ಷೆ ನಿಲ್ಲಿಸಿದ್ದಾರೆ ಎಂದು ಅರ್ಥ. 27 ಡಿಗ್ರಿ ಸೆಲ್ಸಿಯಸ್ ಎಂಬುದು ಪರೀಕ್ಷೆಯ ಉಷ್ಣಾಂಶ, ನಮ್ಮ ಮಂಡ್ಯ-ಮೈಸೂರಿನ ಹವೆಗೆ ಅದು ಹತ್ತಿರವೇ ಇರುವುದರಿಂದ ಅದರ ಬಗ್ಗೆ ನೀವು ಹೆಚ್ಚು ಯೋಚಿಸಬೇಕಾಗಿಲ್ಲ.

ಇನ್ನು ಕೆಲವು ಬ್ಯಾಟರಿಗಳ ಲೇಬಲ್‌ನಲ್ಲಿ 150 ಎಎಚ್ ಪಕ್ಕ ಸಿ10 ಎಂದಿರುತ್ತದೆ. ಅಲ್ಲಿ 15 ಆಂಪಿಯರನ್ನು 10 ಗಂಟೆ ಎಳೆದು ಅಳೆದಿರುತ್ತಾರೆ. ಎರಡರ ಮೇಲೂ 150 ಎಂದೇ ಇದ್ದರೂ ಅವು ಒಂದೇ ಬ್ಯಾಟರಿಯಲ್ಲ. ಸಿ20ರಲ್ಲಿ 150 ಇರುವ ಬ್ಯಾಟರಿಯನ್ನು 10 ಗಂಟೆಯ ವೇಗದಲ್ಲಿ ಅಳೆದರೆ ಸಾಮಾನ್ಯವಾಗಿ 125ರಿಂದ 130 ಮಾತ್ರ ಬರುತ್ತದೆ. ಸೋಲಾರ್‌ಗೆಂದು ಮಾರುವ ಬ್ಯಾಟರಿಗಳಲ್ಲಿ ಹೆಚ್ಚಾಗಿ ಸಿ10 ಇರುತ್ತದೆ, ಸಾಧಾರಣ ಇನ್ವರ್ಟರ್ ಬ್ಯಾಟರಿಗಳಲ್ಲಿ ಹೆಚ್ಚಾಗಿ ಸಿ20. ಬೆಲೆ ಹೋಲಿಸುವಾಗ ಇದನ್ನು ಗಮನಿಸದಿದ್ದರೆ, ಕಡಿಮೆ ಬೆಲೆಗೆ ಅಷ್ಟೇ ಬ್ಯಾಟರಿ ಸಿಕ್ಕಿತು ಎಂಬ ತಪ್ಪು ಸಮಾಧಾನವಾಗುತ್ತದೆ.

ನಾನು ಇದನ್ನು ತಿಳಿದದ್ದು ಶ್ರೀರಂಗಪಟ್ಟಣದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ. ಹೊಸ ಬ್ಯಾಟರಿ ಹಾಕಿಸಿ, ನಾಲ್ಕೂವರೆ ಗಂಟೆ ಬರುತ್ತದೆ ಎಂದು ನಾನೇ ಭರವಸೆ ಕೊಟ್ಟಿದ್ದೆ. ಎರಡು ಗಂಟೆ ಕಳೆಯುತ್ತಿದ್ದಂತೆ ಇನ್ವರ್ಟರ್ ಕೂಗತೊಡಗಿತು. ಬ್ಯಾಟರಿಯೇ ಸರಿಯಿಲ್ಲ ಎಂದುಕೊಂಡು, ಮರುದಿನ ಪೂರ್ತಿ ಚಾರ್ಜ್ ಆದ ಮೇಲೆ ಮುಚ್ಚಳಗಳನ್ನು ಬಿಚ್ಚಿ, ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡಿದೆ. ಆರೂ ಸೆಲ್‌ಗಳಲ್ಲಿ 1240ರ ಗೆರೆಯ ಹತ್ತಿರವೇ ತೇಲಿತು, ಅಂದರೆ ಬ್ಯಾಟರಿ ಆರೋಗ್ಯವಾಗಿತ್ತು. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಕೆಂಪು ವೈರಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದಾಗ 40 ಆಂಪಿಯರ್ ತೋರಿಸಿತು. ಲೇಬಲ್‌ನಲ್ಲಿದ್ದ 150ನ್ನು 7.5 ಆಂಪಿಯರಿನಲ್ಲಿ ಅಳೆದದ್ದು, ನಾವು ಎಳೆಯುತ್ತಿದ್ದದ್ದು ಅದರ ಐದು ಪಟ್ಟಿಗಿಂತ ಹೆಚ್ಚು. ತಪ್ಪು ಬ್ಯಾಟರಿಯದ್ದಲ್ಲ, ನಾನು ಲೇಬಲ್ ಓದಿದ ರೀತಿಯದ್ದು.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಸಾಧಾರಣ ಸೀಲಿಂಗ್ ಫ್ಯಾನು 70 ವ್ಯಾಟ್ ಎಂದರೆ ಮೂರಕ್ಕೆ 210. ಬಲ್ಬು 9 ವ್ಯಾಟ್‌ನದ್ದಾದರೆ ಆರಕ್ಕೆ 54. ಟಿವಿಗೆ 80, ವೈಫೈಗೆ 10 ಎಂದಿಟ್ಟುಕೊಂಡರೆ ಒಟ್ಟು 354 ವ್ಯಾಟ್. ನಿಮ್ಮ ಟಿವಿಯ ಹಿಂದಿನ ಲೇಬಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಕೊಳ್ಳಿ. 12 ವೋಲ್ಟನ್ನು 230 ವೋಲ್ಟ್ ಮಾಡುವಾಗ ಇನ್ವರ್ಟರಿನಲ್ಲೂ ಒಂದಿಷ್ಟು ನಷ್ಟವಾಗುತ್ತದೆ. ನೂರಕ್ಕೆ 80 ಮಾತ್ರ ಹೊರಗೆ ಬರುತ್ತದೆ ಎಂದು ಇಟ್ಟುಕೊಂಡರೆ ಬ್ಯಾಟರಿಯಿಂದ ಹೊರಡಬೇಕಾದದ್ದು ಸುಮಾರು 440 ವ್ಯಾಟ್, 12ರಿಂದ ಭಾಗಿಸಿದರೆ 37 ಆಂಪಿಯರ್.

ಮನೆಯ ಇನ್ವರ್ಟರಿಗೆ ಸಾಮಾನ್ಯವಾಗಿ ಹಾಕುವ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 10 ಗಂಟೆಯ ವೇಗದಲ್ಲಿ ಸಿಗುವ ಸಾಮರ್ಥ್ಯವನ್ನು 100 ಎಂದುಕೊಂಡರೆ, 5 ಗಂಟೆಯಲ್ಲಿ ಖಾಲಿ ಮಾಡುವ ವೇಗದಲ್ಲಿ ಸುಮಾರು 83, 3 ಗಂಟೆಯ ವೇಗದಲ್ಲಿ 72, 2 ಗಂಟೆಯ ವೇಗದಲ್ಲಿ 63 ಮಾತ್ರ ಸಿಗುತ್ತದೆ. ನಿಮ್ಮ ಫೋಟೊದ ಬ್ಯಾಟರಿಗೆ 10 ಗಂಟೆಯ ಸಾಮರ್ಥ್ಯ 127 ಎಂದು ಹಿಡಿದರೆ, ಅದು 3 ಗಂಟೆ ನಡೆಯಬೇಕಾದರೆ ನೀವು ಎಳೆಯಬಹುದಾದದ್ದು 30 ಆಂಪಿಯರ್, 2 ಗಂಟೆಗೆ ಸಾಕು ಎಂದರೆ 40 ಆಂಪಿಯರ್. ನಿಮ್ಮ 37 ಇವೆರಡರ ನಡುವೆ, 40ರ ಕಡೆಗೆ ಬೀಳುತ್ತದೆ. ಎರಡೂಕಾಲು ಗಂಟೆ ಎಂದು ಮೊದಲೇ ಹೇಳಿದ್ದು ಇದರಿಂದಲೇ. 150ನ್ನು 12ರಿಂದ ಗುಣಿಸಿ, ಬಂದ 1800ನ್ನು 354ರಿಂದ ಭಾಗಿಸಿದರೆ ಐದು ಗಂಟೆ ಎಂದು ಬರುತ್ತದೆ, ಅಂಗಡಿಯಲ್ಲಿ ಕ್ಯಾಲ್ಕ್ಯುಲೇಟರ್ ಒತ್ತಿ ತೋರಿಸುವುದು ಸಾಮಾನ್ಯವಾಗಿ ಇದೇ ಐದು ಗಂಟೆ.

ಸಿ10 ಎಂದು ಬರೆದಿರುವ 150ರ ಬ್ಯಾಟರಿ ಕೊಂಡರೂ ಇದೇ ಲೋಡಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆಯೇ ಬರುತ್ತದೆ. ಆದ್ದರಿಂದ ಬರೀ ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ ಲೋಡ್ ಇಳಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಲಾಭ ಎರಡು ಕಡೆಯಿಂದ ಸಿಗುತ್ತದೆ. ಕಡಿಮೆ ಎಳೆದರೆ ಹೆಚ್ಚು ಹೊತ್ತು ಬರುವುದು ಒಂದು, ನಿಧಾನವಾಗಿ ಎಳೆದಷ್ಟೂ ಬ್ಯಾಟರಿಯ ಸಾಮರ್ಥ್ಯವೇ ಹೆಚ್ಚಾಗಿ ಕೈಗೆ ಸಿಗುವುದು ಇನ್ನೊಂದು. ಮೂರೂ ಫ್ಯಾನುಗಳನ್ನು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಾಯಿಸಿದರೆ ಒಟ್ಟು ಲೋಡ್ 234 ವ್ಯಾಟಿಗೆ, ಬ್ಯಾಟರಿಯ ಕರೆಂಟು ಸುಮಾರು 24 ಆಂಪಿಯರಿಗೆ ಇಳಿಯುತ್ತದೆ. ಆಗ ನೀವು ಫೋಟೊ ಕಳುಹಿಸಿರುವ ಇದೇ ಸಿ20 ಬ್ಯಾಟರಿ ನಾಲ್ಕು ಗಂಟೆ ಮುಟ್ಟುತ್ತದೆ. ಫ್ಯಾನು ಬದಲಿಸಲಾಗದಿದ್ದರೆ, ಕರೆಂಟು ಹೋದಾಗ ಟಿವಿ ನಿಲ್ಲಿಸಿ ಎರಡು ಫ್ಯಾನು, ನಾಲ್ಕು ಬಲ್ಬು, ವೈಫೈ ಮಾತ್ರ ಇಟ್ಟುಕೊಳ್ಳಿ. 186 ವ್ಯಾಟಿಗೆ ಐದು ಗಂಟೆಯ ಮೇಲೂ ಬರುತ್ತದೆ. ಆದರೆ ಇವೆಲ್ಲ ಹೊಸ ಬ್ಯಾಟರಿಯ ಲೆಕ್ಕ. ವರ್ಷ ಕಳೆದಂತೆ ಸಾಮರ್ಥ್ಯ ಇಳಿಯುತ್ತದೆ, ನೂರಕ್ಕೆ 80ಕ್ಕೆ ಬಂದರೆ ಬ್ಯಾಟರಿಯ ಆಯಸ್ಸು ಮುಗಿಯುತ್ತಾ ಬಂದಿದೆ ಎಂದೇ ಈ ಕೆಲಸದವರು ಎಣಿಸುತ್ತಾರೆ. ಹಾಗಾಗಿ ಅಳತೆಗೆ ಸರಿಯಾಗಿ ಕೊಳ್ಳದೆ ಒಂದಿಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ.

ಹೊಂದಾಣಿಕೆಯ ವಿಷಯದಲ್ಲಿ ನೋಡಬೇಕಾದದ್ದು ಇನ್ವರ್ಟರಿನ ಹಿಂಬದಿಯ ಲೇಬಲ್. ಅಲ್ಲಿ ಡಿಸಿ ವೋಲ್ಟೇಜ್ 12 ಎಂದಿದ್ದರೆ ಒಂದೇ ಬ್ಯಾಟರಿ ಸಾಕು, 900 ವಿಎ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. 24 ಎಂದಿದ್ದರೆ ಎರಡನ್ನು ಸಾಲಾಗಿ ಜೋಡಿಸಬೇಕು. ಅದೇ ಜಾಗದಲ್ಲಿ ಯಾವ ಎಎಚ್‌ನಿಂದ ಯಾವ ಎಎಚ್‌ವರೆಗಿನ ಬ್ಯಾಟರಿ ಹಾಕಬಹುದು ಮತ್ತು ಚಾರ್ಜಿಂಗ್ ಕರೆಂಟ್ ಎಷ್ಟು ಎಂಬುದೂ ಇರುತ್ತದೆ. 150ರ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 15 ಆಂಪಿಯರ್ ಹತ್ತಿರದ ಚಾರ್ಜಿಂಗ್ ಇದ್ದರೆ ಒಳ್ಳೆಯದು. ಆಗಲೂ ಪೂರ್ತಿ ಇಳಿದ ಬ್ಯಾಟರಿ ತುಂಬಲು 10ರಿಂದ 12 ಗಂಟೆ ಬೇಕಾಗುತ್ತದೆ. ಬೆಳಿಗ್ಗೆ ಒಮ್ಮೆ ದೀರ್ಘವಾಗಿ ಕರೆಂಟು ಹೋಗಿ ಸಂಜೆ ಮತ್ತೆ ಹೋದರೆ ಎರಡನೆಯ ಸಲ ಬ್ಯಾಟರಿ ಅರೆತುಂಬಿರುತ್ತದೆ, ಆಗ ಮೇಲಿನ ಲೆಕ್ಕದ ಗಂಟೆಗಳನ್ನು ನಿರೀಕ್ಷಿಸಬೇಡಿ.

36+24 ಎಂದರೆ ವಾರಂಟಿ 60 ತಿಂಗಳು ನಿಜ, ಆದರೆ ಉಚಿತವಾಗಿ ಬದಲಿಸಿಕೊಡುವುದು ಮೊದಲ 36 ತಿಂಗಳು ಮಾತ್ರ. ಉಳಿದ 24 ತಿಂಗಳಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿ ಸಿಗುತ್ತದೆ. ಮಾಡೆಲ್ ಹೆಸರಿನಲ್ಲಿರುವ ದೊಡ್ಡ ಅಂಕಿಗಳನ್ನು ಸಾಮರ್ಥ್ಯ ಎಂದು ಎಣಿಸಬೇಡಿ. ಅವು ಕಂಪನಿಯವರು ಇಟ್ಟುಕೊಂಡ ಹೆಸರಷ್ಟೇ.

ಫೋಟೊದಲ್ಲಿ ಕಾಣದೆ ಉಳಿದಿರುವ ಒಂದು ಮುಖ್ಯ ವಿಷಯ ತಯಾರಿಕೆಯ ದಿನಾಂಕ. ಅದು ಹೆಚ್ಚಾಗಿ ಮುಂಭಾಗದ ಲೇಬಲ್‌ನಲ್ಲಿರದೆ, ಡಬ್ಬಿಯ ಮೇಲಂಚಿನಲ್ಲಿ ಅಥವಾ ಪಕ್ಕದಲ್ಲಿ ಅಕ್ಷರ ಮತ್ತು ಅಂಕಿಗಳ ಸಂಕೇತವಾಗಿ ಒತ್ತಿರುತ್ತದೆ. ಒಂದೊಂದು ಕಂಪನಿಯ ಸಂಕೇತ ಒಂದೊಂದು ಬಗೆ, ಆದ್ದರಿಂದ ಅಂಗಡಿಯವರಿಂದಲೇ ಓದಿಸಿಕೊಳ್ಳಿ. ಆಮ್ಲ ತುಂಬಿದ ಬ್ಯಾಟರಿ ಬಳಸದೆ ನಿಂತಿದ್ದರೂ ತಾನಾಗಿ ಚಾರ್ಜ್ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಮತ್ತೆ ಚಾರ್ಜ್ ಮಾಡದೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಲೇಬಲ್‌ನಲ್ಲಿರುವ ಸಾಮರ್ಥ್ಯ ಮೊದಲ ದಿನದಿಂದಲೇ ಸಿಗದೆ ಹೋಗಬಹುದು. ಆರು ತಿಂಗಳಿಗಿಂತ ಹಳೆಯದಾದರೆ ನಾನು ಬೇರೆಯದನ್ನು ಕೇಳುತ್ತೇನೆ. ಹೊಸದೇ ಆದರೂ ಹಣ ಕೊಡುವ ಮೊದಲು ಮಲ್ಟಿಮೀಟರ್ ಇಡಿಸಿ. ಚಾರ್ಜರಿನಿಂದ ಬಿಡಿಸಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗೆ ತೋರಿಸಿದರೆ ಅಂಗಡಿಯಲ್ಲಿಯೇ ಪೂರ್ತಿ ಚಾರ್ಜ್ ಮಾಡಿಸಿ, ಮತ್ತೆ ಅಳೆದ ಮೇಲೆಯೇ ಮನೆಗೆ ತನ್ನಿ.

ಡಬ್ಬಿಯ ಮೇಲಂಚಿನ ಸಂಕೇತದ ಫೋಟೊ ಒಂದು, ನಿಮ್ಮ ಇನ್ವರ್ಟರಿನ ಹಿಂಬದಿಯ ಲೇಬಲ್‌ನ ಫೋಟೊ ಒಂದು ಇಲ್ಲಿ ಹಾಕಿದರೆ, ಚಾರ್ಜಿಂಗ್ ಕರೆಂಟು ಈ ಬ್ಯಾಟರಿಗೆ ಸಾಕೇ ಎಂಬುದನ್ನೂ ನೋಡಿ ಹೇಳುತ್ತೇನೆ.